ಲಾಂಚ್ ವಿಡಿಯೊದ ಸ್ಟೋರಿಬೋರ್ಡ್ ಮತ್ತು 30 ಸೆಕೆಂಡಿನ ಕಟ್: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪುಟದಲ್ಲಿ ಮೊದಲಿಂದ ಕೊನೆಯವರೆಗೂ ಒಂದೇ ಉದಾಹರಣೆ ಇಟ್ಟುಕೊಂಡಿದ್ದೇವೆ. ಬೆಂಗಳೂರಿನಲ್ಲಿ ಐದಾರು ಜನರ ಒಂದು ಕಂಪನಿ ಇದೆ ಅಂದುಕೊಳ್ಳಿ. ಮನೆ ಮೇಲಿನ ಟ್ಯಾಂಕ್ ತುಂಬಿದ ಕೂಡಲೇ ಸಂಪಿನ ಮೋಟಾರನ್ನು ತಾನೇ ಆಫ್ ಮಾಡುವ ಸಾಧನ ಅವರದು. ಟ್ಯಾಂಕಿನೊಳಗೆ ಒಂದು ಸೆನ್ಸರ್, ಸ್ವಿಚ್ ಬೋರ್ಡಿನ ಪಕ್ಕ ಒಂದು ಡಬ್ಬಿ, ಫೋನಿನಲ್ಲಿ ಒಂದು ಆ್ಯಪ್. ಅವರಿಗೆ 90 ಸೆಕೆಂಡಿನ ಲಾಂಚ್ ವಿಡಿಯೊ ಬೇಕು, ಜಾಹೀರಾತಿಗೆ ಅದರ 30 ಸೆಕೆಂಡಿನ ಕಟ್ ಕೂಡ ಬೇಕು.

ಮೊದಲು 90 ಸೆಕೆಂಡಿನದ್ದು ಮುಗಿಸಿ, ಆಮೇಲೆ ಎಡಿಟರ್ ಹತ್ತಿರ 30 ಸೆಕೆಂಡಿಗೆ ಇಳಿಸಿಕೊಂಡರೆ ಆಗುವುದಿಲ್ಲವೇ?

ಇಳಿಸಬಹುದು, ಆದರೆ ಬರುವುದು 90 ಸೆಕೆಂಡಿನ ವಿಡಿಯೊದ ಟ್ರೇಲರ್. ಉದ್ದದ ವಿಡಿಯೊದಲ್ಲಿ ಒಂದು ಶಾಟ್ ಅರ್ಥವಾಗುವುದು ಅದರ ಹಿಂದಿನ ಮೂರು ಶಾಟ್‌ಗಳಿಂದ. ಮಹಿಳೆ ಸ್ವಿಚ್ ಕಡೆ ಓಡುತ್ತಾಳೆ ಎಂದರೆ ಯಾಕೆ ಓಡುತ್ತಿದ್ದಾಳೆ ಎಂಬುದು ಮೊದಲೇ ಗೊತ್ತಿರುತ್ತದೆ. ಆ ಮೂರನ್ನು ತೆಗೆದುಬಿಟ್ಟರೆ ಉಳಿಯುವುದು ಬರೀ ಓಟ. ಎಡಿಟರ್ ಆ ಕೊರತೆಯನ್ನು ಮುಚ್ಚಲು ವಾಯ್ಸ್‌ಓವರ್ ತುಂಬುತ್ತಾರೆ, ವಾಯ್ಸ್ ತುಂಬಿದಂತೆ ಶಾಟ್‌ಗಳಿಗೆ ಉಸಿರಾಡಲು ಜಾಗವಿಲ್ಲದಂತಾಗುತ್ತದೆ.

ಹಾಗಾಗಿ 30 ಸೆಕೆಂಡಿನ ಕಟ್ ಹುಟ್ಟಬೇಕಾದದ್ದು ಸ್ಟೋರಿಬೋರ್ಡಿನ ಕಾಗದದ ಮೇಲೆ. ಶೂಟಿಂಗಿಗೆ ಹೋಗುವ ಮೊದಲೇ ಎರಡು ಸ್ಕ್ರಿಪ್ಟ್ ಸಿದ್ಧವಿರಬೇಕು. ಬೋರ್ಡ್ ಒಂದೇ ಸಾಕು. ಅದರಲ್ಲಿ 30ಕ್ಕೆ ಬೇಕಾದ ಚೌಕಗಳಿಗೆ ಬೇರೆ ಬಣ್ಣದ ಗುರುತು ಹಾಕಿ. ನಮ್ಮ ಉದಾಹರಣೆಯಲ್ಲಿ 90 ಸೆಕೆಂಡಿಗೆ 24 ಶಾಟ್, 30 ಸೆಕೆಂಡಿಗೆ 10. ಆ ಹತ್ತರಲ್ಲಿ ಎಂಟು ಮಾತ್ರ ಉದ್ದದ ವಿಡಿಯೊದಿಂದ ಬರುತ್ತವೆ. ಉಳಿದೆರಡನ್ನು ಚಿಕ್ಕದಕ್ಕಾಗಿಯೇ ತೆಗೆಯಬೇಕು. ಅವು ಯಾವುವು ಎಂದು ಮೊದಲೇ ಗೊತ್ತಿದ್ದರೆ ಅದೇ ದಿನ, ಅದೇ ಲೈಟಿನಲ್ಲಿ ಹೆಚ್ಚುವರಿ ಅರ್ಧ ಗಂಟೆಯ ಕೆಲಸ. ಎಡಿಟಿಂಗ್ ಟೇಬಲ್ ಮೇಲೆ ಗೊತ್ತಾದರೆ ಇನ್ನೊಂದು ದಿನದ ಶೂಟಿಂಗ್.

ನನಗೆ ಚಿತ್ರ ಬಿಡಿಸಲು ಬರುವುದಿಲ್ಲ. ಸ್ಟೋರಿಬೋರ್ಡ್ ಹೇಗೆ ಮಾಡಲಿ?

ಕಡ್ಡಿ ಮನುಷ್ಯರು ಸಾಕು. ಬೋರ್ಡ್ ನೋಡುವವರಿಗೆ ಮೂರು ವಿಷಯ ತಿಳಿಯಬೇಕು: ಕ್ಯಾಮೆರಾ ಎಷ್ಟು ಹತ್ತಿರ ಇದೆ, ಯಾವ ಕಡೆಯಿಂದ ನೋಡುತ್ತಿದೆ, ಶಾಟಿನೊಳಗೆ ಏನು ಬದಲಾಗುತ್ತದೆ. ಮೂರನೆಯದನ್ನೇ ಹೆಚ್ಚಿನವರು ಬಿಡುತ್ತಾರೆ. "ಡಬ್ಬಿಯ ಕ್ಲೋಸಪ್" ಎಂದು ಬರೆದರೆ ಶಾಟ್ ಆಗಲಿಲ್ಲ, ಫೋಟೊ ಆಯಿತು. "ಡಬ್ಬಿಯ ಕ್ಲೋಸಪ್, ಕೆಂಪು ದೀಪ ಹಸಿರಾಗುತ್ತದೆ, ಅದೇ ಕ್ಷಣ ಮೋಟಾರ್ ಸದ್ದು ನಿಲ್ಲುತ್ತದೆ" ಎಂದರೆ ಶಾಟ್.

ಪ್ರತಿ ಚೌಕದ ಪಕ್ಕ ಶಾಟ್ ನಂಬರ್, ವಾಯ್ಸ್‌ಓವರ್ ಸಾಲು, ತೆರೆಯ ಮೇಲೆ ಬರುವ ಅಕ್ಷರ, ಶಬ್ದ, ಎಷ್ಟು ಸೆಕೆಂಡ್ ಎಂಬುದನ್ನು ಬರೆಯಿರಿ. ಸೆಕೆಂಡಿನ ಕಾಲಂ ಎರಡು ಇರಲಿ, ಒಂದು 90ಕ್ಕೆ, ಒಂದು 30ಕ್ಕೆ. ಒಂದೇ ಶಾಟ್ ಉದ್ದದ ವಿಡಿಯೊದಲ್ಲಿ 6 ಸೆಕೆಂಡ್, ಚಿಕ್ಕದರಲ್ಲಿ 2.5 ಸೆಕೆಂಡ್ ಇರಬಹುದು. ಆಗ ಆ 2.5 ಸೆಕೆಂಡಿನೊಳಗೇ ಮುಖ್ಯ ಬದಲಾವಣೆ ನಡೆದುಹೋಗಬೇಕು ಎಂಬುದು ಕ್ಯಾಮೆರಾದವರಿಗೂ ನಟರಿಗೂ ತಿಳಿದಿರಬೇಕು. ನಿಧಾನಕ್ಕೆ ನಡೆದು ಬಂದು, ನಿಂತು, ಆಮೇಲೆ ಟ್ಯಾಂಕಿನ ಮುಚ್ಚಳ ತೆಗೆಯುವ ಶಾಟನ್ನು ಎಲ್ಲಿ ಕತ್ತರಿಸಿದರೂ ಚಿಕ್ಕ ಕಟ್‌ಗೆ ಹೊಂದುವುದಿಲ್ಲ.

ಬೋರ್ಡ್ ಆದ ಮೇಲೆ ಚೌಕಗಳ ಫೋಟೊ ತೆಗೆದು ಟೈಮ್‌ಲೈನಿಗೆ ಹಾಕಿ, ನಿಮ್ಮದೇ ದನಿಯಲ್ಲಿ ವಾಯ್ಸ್ ಓದಿ ಸೇರಿಸಿ. ಇದಕ್ಕೆ ಆನಿಮ್ಯಾಟಿಕ್ ಅನ್ನುತ್ತಾರೆ. ಕಾಗದದ ಮೇಲೆ 30 ಅನಿಸಿದ್ದು ಇಲ್ಲಿ ಬಹುಮಟ್ಟಿಗೆ 40 ದಾಟುತ್ತದೆ. ಏನು ಬಿಡಬೇಕು ಎಂಬ ಜಗಳ ಇಲ್ಲೇ ಮುಗಿಯಲಿ, ಇದಕ್ಕಿಂತ ಅಗ್ಗದ ಜಾಗ ಮುಂದೆ ಸಿಗುವುದಿಲ್ಲ.

30 ಸೆಕೆಂಡಿಗೆ ಏನೇನು ಬಿಡಬೇಕು?

ಉದ್ದದ ವಿಡಿಯೊದಲ್ಲಿ ಈ ಸಾಧನದ ಎರಡು ಉಪಯೋಗ ಬರುತ್ತವೆ. ಟ್ಯಾಂಕ್ ತುಂಬಿ ಹರಿಯುವುದು ತಪ್ಪುತ್ತದೆ, ಮತ್ತೆ ಸಂಪು ಖಾಲಿಯಾದಾಗ ಮೋಟಾರ್ ಒಣ ಓಡಿ ಸುಟ್ಟುಹೋಗುವುದು ತಪ್ಪುತ್ತದೆ. ದುಡ್ಡಿನ ಲೆಕ್ಕದಲ್ಲಿ ಎರಡನೆಯದೇ ದೊಡ್ಡದು, ಹಾಗಾಗಿ ಸಂಸ್ಥಾಪಕರು ಅದನ್ನು ಬಿಡಲು ಒಪ್ಪುವುದಿಲ್ಲ. ಆದರೂ 30ರಲ್ಲಿ ಅದನ್ನು ಬಿಡಿ. ಟ್ಯಾಂಕ್ ತುಂಬಿ ಸುರಿಯುವುದು ಒಂದೇ ನೋಟಕ್ಕೆ ಅರ್ಥವಾಗುತ್ತದೆ, ವಿವರಣೆ ಬೇಕಿಲ್ಲ. ಮೋಟಾರ್ ಒಣ ಓಡುವುದನ್ನು ತೋರಿಸಲು ಖಾಲಿ ಸಂಪು, ಓಡುವ ಮೋಟಾರ್, ಹೊಗೆ, ಮೆಕ್ಯಾನಿಕ್, ಹೀಗೆ ನಾಲ್ಕು ಶಾಟ್ ಬೇಕು. ಹತ್ತು ಸೆಕೆಂಡ್ ಅಲ್ಲೇ ಹೋಯಿತು.

ಆ್ಯಪಿನ ಸೆಟ್ಟಿಂಗ್, ಸಂಸ್ಥಾಪಕರ ಮಾತು, ಆಫೀಸಿನ ದೃಶ್ಯ ಎಲ್ಲ ಉದ್ದದ ವಿಡಿಯೊದಲ್ಲೇ ಇರಲಿ. ಒಂದು ಸಮಸ್ಯೆ, ಅದಕ್ಕೆ ಸಾಧನ ಏನು ಮಾಡುತ್ತದೆ, ಮಾಡಿದ್ದಕ್ಕೆ ಪುರಾವೆ, ಎಲ್ಲಿ ಸಿಗುತ್ತದೆ. ಇಷ್ಟರಾಚೆಗೆ ಏನು ಸೇರಿಸಿದರೂ ಈ ನಾಲ್ಕರಲ್ಲಿ ಒಂದರ ಸಮಯ ಕದಿಯುತ್ತೀರಿ.

ಒಂದು ಪೂರ್ತಿ 30 ಸೆಕೆಂಡಿನ ಬೋರ್ಡ್ ತೋರಿಸುತ್ತೀರಾ?

ನಮ್ಮ ಟ್ಯಾಂಕ್ ಸಾಧನದ ಹತ್ತು ಶಾಟ್ ಹೀಗಿವೆ:

- 0–2.5: ಟ್ಯಾಂಕಿನ ಓವರ್‌ಫ್ಲೋ ಪೈಪಿನಿಂದ ನೀರು ಧಾರೆಯಾಗಿ ಪಕ್ಕದ ಮನೆಯಲ್ಲಿ ಒಣಹಾಕಿದ ಬಟ್ಟೆಯ ಮೇಲೆ ಸುರಿಯುತ್ತಿದೆ. ಪಕ್ಕದವರ ದನಿ ಮಾತ್ರ: "ರೀ, ಟ್ಯಾಂಕ್ ತುಂಬಿ ಹರೀತಿದೆ!"
- 2.5–5: ಮನೆಯೊಡತಿ ಒಳಗೆ ಓಡಿ ಬಂದು ಮೋಟಾರ್ ಸ್ವಿಚ್ಚಿಗೆ ಕೈ ಹಾಕುತ್ತಾಳೆ. ಮೂಲೆಯಲ್ಲಿ ಬ್ರ್ಯಾಂಡಿನ ಹೆಸರು.
- 5–7.5: ಅದೇ ಗೋಡೆ, ಅದೇ ಕೋನ, ಅದೇ ಸ್ವಿಚ್. ಈಗ ಪಕ್ಕದಲ್ಲಿ ಡಬ್ಬಿ ಇದೆ.
- 7.5–12.5: ಸೆನ್ಸರ್ ಕೂರಿಸುವುದು, ಎರಡು ಶಾಟ್. ಮುಚ್ಚಳ ತೆಗೆಯುವ ಕೈ; ಒಳಗೆ ಕೂತ ಸೆನ್ಸರ್.
- 12.5–15: ಟ್ಯಾಂಕಿನೊಳಗೆ ನೀರು ಏರಿ ಸೆನ್ಸರನ್ನು ಮುಟ್ಟುತ್ತದೆ.
- 15–17.5: ಡಬ್ಬಿಯ ದೀಪ ಕೆಂಪಿನಿಂದ ಹಸಿರು. ಮೋಟಾರ್ ಸದ್ದು ನಿಲ್ಲುತ್ತದೆ. ವಾಯ್ಸ್ ಇಲ್ಲ, ಸಂಗೀತ ಬಹಳ ಕೆಳಗೆ.
- 17.5–22.5: ಕೈಯಲ್ಲಿ ಫೋನ್, ಆ್ಯಪಿನಲ್ಲಿ ಟ್ಯಾಂಕಿನ ಮಟ್ಟ.
- 22.5–25: ಒಣಗಿದ ಬಟ್ಟೆ ಮಡಚುತ್ತಿರುವ ಪಕ್ಕದ ಮನೆಯವರು.
- 25–30: ಪ್ಯಾಕ್ ಶಾಟ್. ಡಬ್ಬಿ, ಸೆನ್ಸರ್, ಹೆಸರು, ಬೆಲೆ, ಎಲ್ಲಿ ಸಿಗುತ್ತದೆ.

ಚಿಕ್ಕದಕ್ಕಾಗಿಯೇ ತೆಗೆಯಬೇಕಾದ ಎರಡು ಶಾಟ್ ಎಂದೆವಲ್ಲ, ಅದರಲ್ಲಿ ಒಂದು ಮೂರನೆಯದು. "ಮೊದಲು" ಮತ್ತು "ಆಮೇಲೆ" ಎಂಬುದನ್ನು ಒಂದೇ ಕಟ್‌ನಲ್ಲಿ ಹೇಳಬೇಕಾದರೆ ಕ್ಯಾಮೆರಾ ಒಂದಿಷ್ಟೂ ಅಲುಗಬಾರದು. ಟ್ರೈಪಾಡ್ ಅಲ್ಲೇ ಬಿಟ್ಟು, ಫೋಕಸ್ ಲಾಕ್ ಮಾಡಿ, ಓಡಿ ಬರುವ ಶಾಟ್ ಮುಗಿದ ತಕ್ಷಣ ಡಬ್ಬಿ ಕೂರಿಸಿ ಮತ್ತೆ ತೆಗೆಯಿರಿ. ಮಧ್ಯೆ ಊಟಕ್ಕೆ ಹೋದರೆ ಕಿಟಕಿಯ ಬೆಳಕು ಸರಿದು ಗೋಡೆಯ ಬಣ್ಣವೇ ಬೇರೆಯಾಗುತ್ತದೆ. ಇನ್ನೊಂದು ಫೋನಿನ ಶಾಟ್. ಉದ್ದದ ವಿಡಿಯೊದಲ್ಲಿ ಅದು ಹಲವು ತುಣುಕಾಗಿ ಬರುತ್ತದೆ, ಇಲ್ಲಿ ಅಲುಗದ ಒಂದೇ ಶಾಟ್ ಬೇಕು.

ಎಲ್ಲ ಕಟ್‌ಗಳೂ 2.5 ಸೆಕೆಂಡಿನ ಗುಣಕಗಳಲ್ಲಿ ಬಂದಿರುವುದಕ್ಕೂ ಕಾರಣವಿದೆ. ನಿಮಿಷಕ್ಕೆ 96 ಬಡಿತದ ಸಂಗೀತದಲ್ಲಿ ನಾಲ್ಕು ಬಡಿತಕ್ಕೆ ಸರಿಯಾಗಿ 2.5 ಸೆಕೆಂಡ್. ಅಂಥ 12 ಸುತ್ತಿಗೆ 30 ಸೆಕೆಂಡ್ ಮುಗಿಯುತ್ತದೆ, ಹಾಡನ್ನು ಕೊನೆಯಲ್ಲಿ ಕತ್ತು ಹಿಸುಕಿ ನಿಲ್ಲಿಸಬೇಕಿಲ್ಲ. ಇದು ಚೌಕಟ್ಟು ಮಾತ್ರ. ನೀರು ಸೆನ್ಸರ್ ಮುಟ್ಟುವ ಕಟ್ ನಾಲ್ಕು ಫ್ರೇಮ್ ಮುಂಚೆ ಚೆನ್ನಾಗಿ ಕಂಡರೆ ಧಾರಾಳವಾಗಿ ಸರಿಸಿ.

ಮೊದಲ 5 ಸೆಕೆಂಡಿಗೆ ಯಾಕೆ ಇಷ್ಟು ಮಹತ್ವ?

ಯೂಟ್ಯೂಬಿನಲ್ಲಿ ಸ್ಕಿಪ್ ಮಾಡಬಹುದಾದ ಜಾಹೀರಾತಿಗೆ 5 ಸೆಕೆಂಡಾದ ಮೇಲೆ ಸ್ಕಿಪ್ ಬಟನ್ ಬರುತ್ತದೆ. ಲೋಗೊ ತಿರುಗುತ್ತ ಬರುವ ಓಪನಿಂಗ್ ಇಟ್ಟರೆ ಜನ ನೋಡಿ ಹೋಗುವುದು ಅದನ್ನೇ. ನಮ್ಮ ಬೋರ್ಡಿನಲ್ಲಿ ಆ ಹೊತ್ತಿಗೆ ಸಮಸ್ಯೆ ಪೂರ್ತಿ ಕಂಡಿರುತ್ತದೆ, ಮೂಲೆಯಲ್ಲಿ ಹೆಸರೂ ಬಂದಿರುತ್ತದೆ. ಸ್ಕಿಪ್ ಮಾಡಿದವರಿಗೂ "ಟ್ಯಾಂಕ್ ತುಂಬಿದ್ದಕ್ಕೆ ಏನೋ ಬಂದಿದೆಯಂತೆ" ಎಂಬಷ್ಟು ಉಳಿಯುತ್ತದೆ.

ವಾಯ್ಸ್‌ಓವರ್ ಎಷ್ಟು ಪದ ಇರಬೇಕು? ಇಂಗ್ಲಿಷ್ ಸ್ಕ್ರಿಪ್ಟ್ 70 ಪದ ಇದೆ, ಅದನ್ನೇ ಕನ್ನಡಕ್ಕೆ ತಂದರೆ ಸಾಕಲ್ಲವೇ?

ಸಾಲುವುದಿಲ್ಲ. ಕನ್ನಡದಲ್ಲಿ ವಿಭಕ್ತಿ, ಕ್ರಿಯಾಪದದ ಬಾಲ ಎಲ್ಲ ಪದಕ್ಕೇ ಅಂಟಿಕೊಳ್ಳುವುದರಿಂದ ಪದಗಳ ಎಣಿಕೆ ಕಡಿಮೆಯಾದರೂ ಉಚ್ಚಾರಕ್ಕೆ ಸಮಯ ಹೆಚ್ಚು. ಪದ ಬಿಟ್ಟು ಅಕ್ಷರ ಎಣಿಸಿ, ಒತ್ತಕ್ಷರಕ್ಕೂ ಒಂದೇ ಲೆಕ್ಕ. ಜಾಹೀರಾತಿನಲ್ಲಿ ಸ್ಪಷ್ಟವಾಗಿ ಕೇಳಿಸುವ ಓದಿಗೆ ಸೆಕೆಂಡಿಗೆ ಸುಮಾರು ಐದು ಅಕ್ಷರ ಎಂದಿಟ್ಟುಕೊಳ್ಳಿ. 30 ಸೆಕೆಂಡಿನಲ್ಲಿ ಮಾತು 20 ಸೆಕೆಂಡ್ ದಾಟದಿದ್ದರೆ ಒಳ್ಳೆಯದು, ಅಂದರೆ ಹೆಚ್ಚೆಂದರೆ ನೂರು ಅಕ್ಷರ.

ನಮ್ಮ ಬೋರ್ಡಿಗೆ ಈ ಸ್ಕ್ರಿಪ್ಟ್ ಸಾಕು: "ಟ್ಯಾಂಕ್ ತುಂಬ್ತು, ಮೋಟಾರ್ ನಿಂತಿಲ್ಲ. ಮೆಟ್ಟಿಲು ಹತ್ತಿ ನೋಡೋ ಕೆಲಸ ಇನ್ನು ಬೇಡ. ಟ್ಯಾಂಕಿಗೊಂದು ಸೆನ್ಸರ್, ಸ್ವಿಚ್ಚಿನ ಹತ್ರ ಒಂದು ಡಬ್ಬಿ. ನೀರು ತುಂಬಿದ ಕೂಡಲೇ ಮೋಟಾರ್ ತಾನೇ ಆಫ್. ಎಷ್ಟು ನೀರಿದೆ ಅಂತ ಫೋನಲ್ಲೇ ನೋಡಿ." ಇದು 27 ಪದ, ಸುಮಾರು 13 ಸೆಕೆಂಡಿನ ಓದು. ಇದೇ ವಿಷಯವನ್ನು "ಜಲಮಟ್ಟವನ್ನು ಸ್ವಯಂಚಾಲಿತವಾಗಿ ನಿಯಂತ್ರಿಸುವ ಸುಧಾರಿತ ತಂತ್ರಜ್ಞಾನ" ಎಂದು ಬರೆದರೆ ಐದು ಪದ ಮಾತ್ರ, ಆದರೆ ಅಕ್ಷರ 30ರ ಹತ್ತಿರ, ಕೇಳಿದವರಿಗೆ ಏನೂ ಹೇಳಿದಂತಾಗುವುದಿಲ್ಲ.

ಉದ್ದದ ವಿಡಿಯೊದ ವಾಯ್ಸ್‌ನಿಂದ ಸಾಲುಗಳನ್ನು ಕತ್ತರಿಸಿ ಚಿಕ್ಕದಕ್ಕೆ ಅಂಟಿಸಬೇಡಿ. ಮುಂದಿನ ಸಾಲಿಗೆ ಏರುತ್ತಿದ್ದ ದನಿ ಅಲ್ಲೇ ನಿಂತುಹೋಗುವುದು ಯಾರಿಗಾದರೂ ಕೇಳಿಸುತ್ತದೆ. ಕಲಾವಿದರು ಬಂದಿರುವಾಗಲೇ ಎರಡನ್ನೂ ಬೇರೆ ಬೇರೆ ಓದಿಸಿಕೊಳ್ಳಿ. ಮೊದಲೇ ತಿಳಿಸಿದ್ದರೆ ಒಂದೇ ಸಲಕ್ಕೆ ಮುಗಿಯುತ್ತದೆ.

ಅಡ್ಡ ವಿಡಿಯೊವನ್ನೇ ರೀಲ್ಸ್, ಶಾರ್ಟ್ಸ್‌ಗೆ ಉದ್ದುದ್ದಕ್ಕೆ ಕತ್ತರಿಸಬಹುದೇ?

4ಕೆಯಲ್ಲಿ ತೆಗೆದಿದ್ದರೆ ಸಾಧ್ಯ. 1920×1080ರ ಚಿತ್ರದಿಂದ ಉದ್ದದ ಪಟ್ಟಿ ತೆಗೆದರೆ ಸಿಗುವುದು ಸುಮಾರು 607 ಪಿಕ್ಸೆಲ್ ಅಗಲ. ಅದನ್ನು 1080ಕ್ಕೆ ಎಳೆದರೆ ಹೆಚ್ಚುಕಡಿಮೆ 1.8 ಪಟ್ಟು ಹಿಗ್ಗಿ ಮಬ್ಬಾಗುತ್ತದೆ. 3840×2160ರಿಂದ ತೆಗೆದರೆ 1215 ಪಿಕ್ಸೆಲ್ ಸಿಗುತ್ತದೆ, ಒಂದಿಷ್ಟು ಉಳಿತಾಯವೂ ಇರುತ್ತದೆ.

ಪಿಕ್ಸೆಲ್‌ಗಿಂತ ದೊಡ್ಡ ಸಮಸ್ಯೆ ಜೋಡಣೆಯದು. ಉದ್ದದ ಪಟ್ಟಿ ಎಂದರೆ ಅಡ್ಡ ಚೌಕದ ನಡುವಿನ ಮೂರನೇ ಒಂದು ಭಾಗ ಮಾತ್ರ. ಬೋರ್ಡಿನ ಪ್ರತಿ ಚೌಕದಲ್ಲೂ ಎರಡು ನೇರ ಗೆರೆ ಎಳೆದು ಆ ಭಾಗ ಗುರುತಿಸಿ. ನಮ್ಮ ಉದಾಹರಣೆಯಲ್ಲಿ ಪೈಪ್, ಡಬ್ಬಿ, ಸೆನ್ಸರ್, ಫೋನ್ ಎಲ್ಲ ಗೆರೆಗಳ ನಡುವೆ ಕೂರುತ್ತವೆ. ಎರಡನೇ ಶಾಟ್ ಮಾತ್ರ ಕೂರುವುದಿಲ್ಲ, ಮನೆಯೊಡತಿ ಎಡದಿಂದ ಬಲಕ್ಕೆ ಓಡುತ್ತಾಳೆ. ಅದನ್ನು ಕ್ಯಾಮೆರಾದ ಕಡೆಗೆ ಓಡಿ ಬರುವಂತೆ ಬೋರ್ಡಿನಲ್ಲೇ ಬದಲಿಸಿದರೆ ಎರಡು ಅಳತೆಗೂ ಒಂದೇ ಶಾಟ್ ಸಾಕು.

ರೀಲ್ಸ್, ಶಾರ್ಟ್ಸ್‌ಗೆ ಹೋಗುವ ಪ್ರತಿಯ ಕೆಳಗಿನ ಮೂರನೇ ಒಂದು ಭಾಗದಲ್ಲಿ ಅಕ್ಷರ ಇಡಬೇಡಿ. ಅಕೌಂಟ್ ಹೆಸರು, ಕ್ಯಾಪ್ಶನ್, ಬಟನ್‌ಗಳು ಕೂತುಕೊಳ್ಳುವುದು ಅಲ್ಲೇ. ಬೆಲೆಯ ಮೇಲೆ ಲೈಕ್ ಬಟನ್ ಬಂದು ಕೂತ ಪ್ಯಾಕ್ ಶಾಟ್‌ಗಳಿಗೇನೂ ಬರವಿಲ್ಲ.

ಶೂಟಿಂಗಿನಲ್ಲಿ ಯಾವುದು ಹೆಚ್ಚಾಗಿ ಕೈಕೊಡುತ್ತದೆ?

ಇಂಥ ಸಾಧನಗಳಲ್ಲಿ ಮೊದಲು ಕೈಕೊಡುವುದು ದೀಪ. ಕಣ್ಣಿಗೆ ಸ್ಥಿರವಾಗಿ ಉರಿಯುವಂತೆ ಕಾಣುವ ಎಲ್‌ಇಡಿ ಎಷ್ಟೋ ಸಲ ಸೆಕೆಂಡಿಗೆ ನೂರಾರು ಸಲ ಆನ್ ಆಫ್ ಆಗುತ್ತಿರುತ್ತದೆ. ಅಂಕಿ ತೋರಿಸುವ ಡಿಸ್‌ಪ್ಲೇ ಇದ್ದರಂತೂ ಒಂದೊಂದೇ ಅಂಕಿ ಸರದಿಯ ಮೇಲೆ ಬೆಳಗುತ್ತದೆ. ಕ್ಯಾಮೆರಾದಲ್ಲಿ ಅದು ಮಿಣುಕುತ್ತದೆ, ಇಲ್ಲವೇ ಅರ್ಧ ಅಂಕಿ ಮಾಯ. ಶೂಟಿಂಗಿಗೆ ಒಂದು ವಾರ ಮೊದಲೇ ಅದೇ ಕ್ಯಾಮೆರಾದಲ್ಲಿ ಹತ್ತು ಸೆಕೆಂಡ್ ತೆಗೆದು ನೋಡಿ. ಶಟರ್ ನಿಧಾನ ಮಾಡಿದರೂ ಸರಿಹೋಗದಿದ್ದರೆ, ಒಂದು ಡಬ್ಬಿಗೆ ದೀಪ ಸತತವಾಗಿ ಉರಿಯುವಂಥ ಫರ್ಮ್‌ವೇರ್ ಹಾಕಿಕೊಡಲು ನಿಮ್ಮ ಎಂಜಿನಿಯರಿಗೇ ಹೇಳಬಹುದು. ಸ್ಟಾರ್ಟಪ್ ಆಗಿರುವ ಲಾಭ ಇದೇ, ಸಾಧನ ಮಾಡಿದವರು ಪಕ್ಕದ ಟೇಬಲ್‌ನಲ್ಲೇ ಇರುತ್ತಾರೆ.

ಮನೆಯ ಟ್ಯೂಬ್‌ಲೈಟ್, ಬಲ್ಬುಗಳದ್ದೂ ಇದೇ ಕಥೆ. ನಮ್ಮಲ್ಲಿ ಕರೆಂಟ್ 50 ಹರ್ಟ್ಸ್, ಆದ್ದರಿಂದ ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಇಟ್ಟರೆ ಗೋಡೆಯ ಮೇಲೆ ಪಟ್ಟೆ ಓಡುವುದು ಬಹುತೇಕ ನಿಲ್ಲುತ್ತದೆ. ಫೋನ್‌ಗಳು ಸಾಮಾನ್ಯವಾಗಿ 30 ಫ್ರೇಮಿಗೆ ಸೆಟ್ ಆಗಿರುತ್ತವೆ, ಎರಡನೇ ಕ್ಯಾಮೆರಾ ಫೋನ್ ಆಗಿದ್ದರೆ ಅದನ್ನೂ 25ಕ್ಕೆ ತನ್ನಿ.

ಇನ್ನು ನೀರು. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಲ್ಲಿ ಕಾರು ತೊಳೆದರೆ, ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಎಂದಿತ್ತು. ಆ ಬೇಸಿಗೆ ಕಂಡ ಊರಿನಲ್ಲಿ ಟೇಕ್ ಮೇಲೆ ಟೇಕ್ ಟ್ಯಾಂಕ್ ತುಂಬಿಸಿ ಹರಿಸುವುದು ಬೇಡ. ಪೈಪಿನ ಬಾಯಿಗೆ ಸಣ್ಣ ಪಂಪ್ ಜೋಡಿಸಿ, ಫ್ರೇಮಿನ ಹೊರಗೆ ಡ್ರಮ್ ಇಟ್ಟು ಅದೇ ನೀರು ಸುತ್ತುವಂತೆ ಮಾಡಿ. ಧಾರೆ ಪ್ರತಿ ಟೇಕ್‌ನಲ್ಲೂ ಒಂದೇ ದಪ್ಪ ಇರುತ್ತದೆ ಎಂಬ ಅನುಕೂಲವೂ ಇದೆ.

ಆ್ಯಪ್ ಇನ್ನೂ ಬದಲಾಗುತ್ತಲೇ ಇದೆ. ಫೋನಿನ ಶಾಟ್ ಹೇಗೆ ತೆಗೆಯುವುದು?

ಪರದೆಯನ್ನು ನಂತರ ಬದಲಿಸುವಂತೆ ತೆಗೆಯಿರಿ. ಕ್ಯಾಮೆರಾ ಟ್ರೈಪಾಡ್ ಮೇಲೆ, ಫೋನ್ ಹಿಡಿದ ಕೈಗೆ ಊರಲು ಆಸರೆ, ಬೆರಳು ಪರದೆಯ ಮೇಲೆ ಹಾಯಬಾರದು. ಬೆರಳು ಹಾಯ್ದರೆ ಅದರ ಅಂಚನ್ನು ಫ್ರೇಮ್ ಫ್ರೇಮ್ ಆಗಿ ಕತ್ತರಿಸಬೇಕಾಗುತ್ತದೆ, 5 ಸೆಕೆಂಡಿನ ಶಾಟಿಗೆ 125 ಫ್ರೇಮ್. ಆ್ಯಪ್ ಅಂತಿಮವಾದ ಮೇಲೆ ಸ್ಕ್ರೀನ್ ರೆಕಾರ್ಡಿಂಗ್ ಮಾಡಿ ನಾಲ್ಕು ಮೂಲೆಗೆ ಕೂರಿಸಿದರಾಯಿತು.

ಫೋನಿನ ಸ್ಕ್ರೀನ್ ರೆಕಾರ್ಡಿಂಗ್‌ನಲ್ಲಿ ಫ್ರೇಮ್ ವೇಗ ಒಂದೇ ಸಮ ಇರುವುದಿಲ್ಲ. ನೇರ ಟೈಮ್‌ಲೈನಿಗೆ ಎಳೆದರೆ ಶಬ್ದಕ್ಕೂ ಚಿತ್ರಕ್ಕೂ ತಾಳ ತಪ್ಪಬಹುದು, ಸ್ಕ್ರಾಲ್ ಎಗರಬಹುದು. ಮೊದಲು ffmpeg ಎಂಬ ಸಾಫ್ಟ್‌ವೇರಿನಲ್ಲಿ ಹೀಗೆ ಸಮ ಮಾಡಿಕೊಳ್ಳಿ:

```
ffmpeg -i screen.mp4 -vf fps=25 -c:v libx264 -crf 16 -c:a aac screen25.mp4
```

ರೆಕಾರ್ಡ್ ಮಾಡುವ ಮುನ್ನ ನೋಟಿಫಿಕೇಶನ್ ಬಂದ್ ಮಾಡಿ, ಬ್ಯಾಟರಿ ತುಂಬಿರಲಿ. ಕೆಂಪು ಬ್ಯಾಟರಿ ಚಿಹ್ನೆ ಕಂಡರೆ ನೋಡುವವರ ಕಣ್ಣು ನೀರಿನ ಮಟ್ಟ ಬಿಟ್ಟು ಅಲ್ಲಿಗೇ ಹೋಗುತ್ತದೆ.

ತೆರೆಯ ಮೇಲಿನ ಕನ್ನಡ ಅಕ್ಷರ ಒಡೆದುಹೋಗುತ್ತಿದೆ. ಏನು ಮಾಡಲಿ?

ಎರಡು ಬೇರೆ ಬೇರೆ ತೊಂದರೆಗಳಿವೆ. ಸ್ಕ್ರಿಪ್ಟ್ ನುಡಿಯ ಹಳೆಯ ಫಾಂಟಿನಲ್ಲಿ ಟೈಪಾಗಿದ್ದರೆ ಎಡಿಟರ್ ಕಂಪ್ಯೂಟರಿನಲ್ಲಿ ಅದು ಅರ್ಥವಿಲ್ಲದ ಇಂಗ್ಲಿಷ್ ಚಿಹ್ನೆಗಳಾಗಿ ಕಾಣುತ್ತದೆ. ಅದನ್ನು ಯುನಿಕೋಡಿಗೆ ಪರಿವರ್ತಿಸಿ ಕೊಡಬೇಕು. ಯುನಿಕೋಡ್ ಇದ್ದೂ ಒತ್ತಕ್ಷರ ಪಕ್ಕಕ್ಕೆ ಸರಿದು ನಿಂತರೆ ದೋಷ ಎಡಿಟಿಂಗ್ ಸಾಫ್ಟ್‌ವೇರಿನದು; ಅದರ ಸೆಟ್ಟಿಂಗ್‌ನಲ್ಲಿ ದಕ್ಷಿಣ ಏಷ್ಯಾದ ಲಿಪಿಗಳ ಆಯ್ಕೆ ಇದೆಯೇ ನೋಡಿ. ಇಲ್ಲದಿದ್ದರೆ ಅಕ್ಷರ ಸರಿಯಾಗಿ ಮೂಡುವ ಬೇರೆ ಸಾಫ್ಟ್‌ವೇರಿನಲ್ಲಿ ಸಾಲು ಬರೆದು, ಹಿನ್ನೆಲೆ ಇಲ್ಲದ ಪಿಎನ್‌ಜಿ ಚಿತ್ರವಾಗಿ ತಂದು ಹಾಕಿ. ಪರೀಕ್ಷೆಗೆ "ಸ್ವಾತಂತ್ರ್ಯ" ಪದ ಸಾಕು, ಅದು ಸರಿ ಬಂದರೆ ಉಳಿದದ್ದೂ ಬರುತ್ತದೆ.

ಅಕ್ಷರ ಅಕ್ಷರವಾಗಿ ಹಾರಿ ಬರುವ ಆನಿಮೇಶನ್ ಕನ್ನಡಕ್ಕೆ ಬೇಡ. ಸಾಫ್ಟ್‌ವೇರ್ ಕಾಗುಣಿತವನ್ನೇ ಬಿಡಿಬಿಡಿ ಮಾಡಿ ಹಾರಿಸಿಬಿಡಬಹುದು. ಪದ ಪದವಾಗಿ ಬರಲಿ.

"ಭಾರತದ ಮೊದಲ" ಎಂದು ಹಾಕಬಹುದೇ?

ಸಾಬೀತು ಮಾಡಲು ಕಾಗದಪತ್ರ ಇದ್ದರೆ ಮಾತ್ರ. ಜಾಹೀರಾತು ಮಾನದಂಡಗಳ ಮಂಡಳಿಯಾದ ಎಎಸ್‌ಸಿಐ ನಿಯಮದ ಪ್ರಕಾರ ಇಂಥ ಹೇಳಿಕೆಗೆ ಜಾಹೀರಾತುದಾರರೇ ಆಧಾರ ಕೊಡಬೇಕು. ಟ್ಯಾಂಕ್ ತುಂಬಿದಾಗ ಮೋಟಾರ್ ನಿಲ್ಲಿಸುವ ಸಾಧನಗಳು ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ವರ್ಷಗಳಿಂದ ಸಿಗುತ್ತಿವೆ. ದೀಪ ಹಸಿರಾಗಿ ಮೋಟಾರ್ ನಿಲ್ಲುವ ಆ 2.5 ಸೆಕೆಂಡ್ ಅದಕ್ಕಿಂತ ಗಟ್ಟಿ ಪುರಾವೆ.

ಕೊನೆಗೆ ಎಡಿಟರ್ ಹತ್ತಿರ ಏನೇನು ಕೇಳಿ ಪಡೆಯಬೇಕು?

ಅಡ್ಡ ಮತ್ತು ಉದ್ದ, ಎರಡು ಅಳತೆಯ ಫೈಲ್. 30 ಸೆಕೆಂಡಿನ ಟೈಮ್‌ಲೈನ್ ಸೆಕೆಂಡಿಗೆ 25ರಂತೆ ಸರಿಯಾಗಿ 750 ಫ್ರೇಮ್ ಇರಲಿ. ಕೊನೆಗೆ ಒಂದೆರಡು ಕಪ್ಪು ಫ್ರೇಮ್ ಸೇರಿಕೊಂಡು 30 ಸೆಕೆಂಡ್ ದಾಟಿದರೆ 30ರ ಮಿತಿ ಇಟ್ಟಿರುವ ಕಡೆ ವಾಪಸ್ ಬರಬಹುದು. ಶಬ್ದದ ಮಟ್ಟ ಹೀಗೆ ನೋಡಬಹುದು:

```
ffmpeg -i cut30.mp4 -af ebur128=peak=true -f null -
```

ಕೊನೆಯಲ್ಲಿ ಬರುವ ಸಾರಾಂಶದಲ್ಲಿ `I:` ಎದುರಿನ ಅಂಕಿ ಆನ್‌ಲೈನಿಗೆ -14ರ ಆಸುಪಾಸು, `Peak:` -1ಕ್ಕಿಂತ ಕೆಳಗೆ ಇರಲಿ. ಇದಕ್ಕಿಂತ ಜೋರು ಮಾಡಿದರೂ ಯೂಟ್ಯೂಬ್ ತಾನೇ ತಗ್ಗಿಸುತ್ತದೆ. ಮೋಟಾರ್ ನಿಲ್ಲುವ ಶಾಟಿನ ಮೌನವನ್ನು ಮಿಕ್ಸಿಂಗ್‌ನಲ್ಲಿ ತುಂಬಿಸಿಬಿಟ್ಟಿದ್ದಾರೆಯೇ ಎಂದು ಫೋನಿನ ಸ್ಪೀಕರ್‌ನಲ್ಲೇ ಕೇಳಿ ನೋಡಿ.

ಇವುಗಳ ಜತೆಗೆ ಅಕ್ಷರಗಳಿಲ್ಲದ ಒಂದು ಪ್ರತಿ, ವಾಯ್ಸ್, ಸಂಗೀತ, ಶಬ್ದ ಮೂರರ ಬೇರೆ ಬೇರೆ ಟ್ರ್ಯಾಕ್, ಸಂಗೀತದ ಲೈಸೆನ್ಸ್ ಪತ್ರ, ಪ್ರಾಜೆಕ್ಟ್ ಫೈಲ್. ಆರು ತಿಂಗಳಿಗೆ ಬೆಲೆ ಬದಲಾದಾಗ, ಇಲ್ಲವೇ ತಮಿಳು, ತೆಲುಗಿಗೆ ಹೋಗುವಾಗ ಬೇಕಾಗುವುದು ಇವೇ. ಕೆಲಸ ಒಪ್ಪಿಸುವ ಮೊದಲೇ ಇದನ್ನು ಕೊಟೇಶನ್ನಿನಲ್ಲಿ ಬರೆಸಿಕೊಳ್ಳಿ, ಆಮೇಲೆ ಕೇಳಿದರೆ ಅದಕ್ಕೆ ಬೇರೆ ಬಿಲ್ ಬರುತ್ತದೆ.